ಮುಟುರು, ಮುರುಟು, ಮೂರು

ರೈತರು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಯಂತ್ರವೇ ಉತ್ತರ ಹೇಳುವ ವ್ಯವಸ್ಥೆಗಳ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಅದೇನೋ ನಿನ್ನೆ ಮೊನ್ನೆ ಹುಟ್ಟಿದ್ದು ಎಂಬಂತೆ ಬರೆಯುತ್ತಾರೆ. ನಾನು ಹಾವೇರಿ ಜಿಲ್ಲೆಯವನು. ಪುಣೆಗೆ ಬಂದು ಹದಿನೆಂಟು ವರ್ಷವಾಯಿತು; ದೂರವಾಣಿಯಲ್ಲಿ ಬರುವ ಧ್ವನಿಯನ್ನು ಅಕ್ಷರಕ್ಕಿಳಿಸುವ ಕೆಲಸವೇ ನನ್ನ ಹೊಟ್ಟೆಪಾಡು. ಆ ಕಸುಬಿನ ಕಣ್ಣಿನಿಂದ ನೋಡಿದರೆ ಈ ಕಥೆಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. ನಮ್ಮ ಕಡೆಯ ಒಂದೇ ಒಂದು ಪದವನ್ನು ಹಿಡಿದುಕೊಂಡು ಅದನ್ನು ಹೇಳಬೇಕೆಂದಿದ್ದೇನೆ.

ಆ ಪದ 'ಮುಟುರು'. ಬ್ಯಾಡಗಿ, ಹಾವೇರಿ, ಕುಂದಗೋಳದ ಕಡೆ ಮೆಣಸಿನಕಾಯಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ಮುದುಡಿ, ಸಣ್ಣದಾಗಿ, ಗಿಡ ಕುಗ್ಗಿ ನಿಂತುಬಿಡುತ್ತದೆ. ಕೆಲವರು ಇದನ್ನೇ ತಿರುಗಿಸಿ 'ಮುರುಟು' ಎನ್ನುತ್ತಾರೆ, ಪುಸ್ತಕದವರು 'ಎಲೆ ಮುದುಡು ರೋಗ' ಎನ್ನುತ್ತಾರೆ. ಕೃಷಿ ವಿಜ್ಞಾನದ ಇಂಗ್ಲಿಷ್ ಲೇಖನಗಳಲ್ಲೂ ಇದು 'ಮುರ್ಡಾ' ಎಂದೇ ಹೆಸರು ಮಾಡಿದೆ. ಇಲ್ಲಿ ಮಹಾರಾಷ್ಟ್ರದಲ್ಲಿ ಇದು 'ಚುರಡಾ-ಮುರಡಾ'. ಯಾವುದರಿಂದ ಯಾವುದು ಬಂತೆಂದು ಪಂಡಿತರು ಹೇಳಲಿ. ಗಡಿಭಾಗದ ರೈತ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಾನೆ ಎಂಬುದು ಮಾತ್ರ ನನಗೆ ಗೊತ್ತು.

ರೋಗ ಒಂದೇ ಹೆಸರಿನದಾದರೂ ಕಾರಣ ಒಂದೇ ಅಲ್ಲ. ಥ್ರಿಪ್ಸ್ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆಗುತ್ತದೆ. ಮೈಟ್ ಹೀರಿದರೆ ಅದೇ ದೋಣಿ ಬೋರಲು ಬೀಳುತ್ತದೆ, ಅಂಚು ಕೆಳಕ್ಕೆ ಬಾಗುತ್ತದೆ. ಬಿಳಿನೊಣ ತರುವ ನಂಜಿನಿಂದಲೂ ಎಲೆ ಮುರುಟುತ್ತದೆ. ಥ್ರಿಪ್ಸ್ ಕೀಟ, ಮೈಟ್ ಜೇಡದ ಬಳಗದ್ದು. ಒಂದಕ್ಕೆ ಹೊಡೆಯುವ ಔಷಧ ಎಷ್ಟೋ ಸಲ ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಹೊಡೆದರೆ ಮೈಟನ್ನು ತಿನ್ನುವ ಹುಳುಗಳೂ ಸತ್ತು ಮೈಟ್ ಇನ್ನಷ್ಟು ಹೆಚ್ಚುತ್ತದೆ. ತಪ್ಪು ಸಲಹೆಗೆ ಇಲ್ಲಿ ಬೆಲೆ ಇದೆ. ಇಷ್ಟರ ಮೇಲೆ ಕನ್ನಡದಲ್ಲಿ ಇವೆರಡಕ್ಕೂ 'ನುಸಿ' ಎಂದೇ ಹೆಸರು: ಥ್ರಿಪ್ಸ್ ನುಸಿ, ಮೈಟ್ ನುಸಿ. ರೈತ ಬರೀ 'ನುಸಿ' ಎಂದರೆ ಯಾವುದು ಎಂದು ತಿಳಿಯಲು ಇನ್ನೊಂದು ಪ್ರಶ್ನೆ ಕೇಳಲೇಬೇಕು.

ಆ ಪ್ರಶ್ನೆಯನ್ನು ಬಹಳ ಕಾಲ ಮನುಷ್ಯರೇ ಕೇಳುತ್ತಿದ್ದರು. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಿಸಾನ್ ಕಾಲ್ ಸೆಂಟರ್ ಶುರು ಮಾಡಿತು. 1551ಕ್ಕೆ, ಆಮೇಲೆ 1800-180-1551ಕ್ಕೆ, ಕರೆ ಮಾಡಿದರೆ ನಮ್ಮ ಭಾಷೆಯಲ್ಲೇ ಕೃಷಿ ಪದವೀಧರರೊಬ್ಬರು ಮಾತಿಗೆ ಸಿಗುತ್ತಾರೆ; ಅವರಿಗೆ ಬಗೆಹರಿಯದ್ದು ಮೇಲಿನ ತಜ್ಞರಿಗೆ ಹೋಗುತ್ತದೆ. ಆಕಾಶವಾಣಿಯ ಕೃಷಿರಂಗ ಕೇಳಿ ಬೆಳೆದ ನಮ್ಮ ತಂದೆಯ ತಲೆಮಾರಿಗೆ ಇದು ದೊಡ್ಡ ಬದಲಾವಣೆ. ರೇಡಿಯೋ ಹೇಳಿದ್ದನ್ನು ಕೇಳಬೇಕಿತ್ತು. ಇಲ್ಲಿ ನಾವೇ ಕೇಳಬಹುದಾಯಿತು. 'ಮುಟುರು ಬಂದೈತ್ರಿ' ಎಂದರೆ ಆ ಕಡೆಯವರು 'ಎಲಿ ಮ್ಯಾಲಕ ಮುದುಡ್ಯಾವೋ, ಕೆಳಕ್ಕೋ?' ಎಂದು ಕೇಳುತ್ತಿದ್ದರು. ಒಂದು ಪದದ ಪ್ರಶ್ನೆ, ಒಂದು ಪದದ ಉತ್ತರ, ಕೆಲಸ ಮುಗಿಯಿತು.

ಆದರೆ ಕರೆ ಮುಗಿದ ಮೇಲೆ ಆ ಮಾತು ಎಲ್ಲಿಗೆ ಹೋಯಿತು? ಈ ಕೇಂದ್ರಗಳ ಕರೆಗಳ ದಾಖಲೆ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. `QueryText` ಎಂಬ ಕಾಲಂನಲ್ಲಿ ಪ್ರಶ್ನೆ, `KccAns` ಎಂಬುದರಲ್ಲಿ ಉತ್ತರ. ಪ್ರಶ್ನೆಯ ಸಾಲುಗಳು ಬಹುಪಾಲು 'ಮೆಣಸಿನಕಾಯಿಯಲ್ಲಿ ಎಲೆ ಮುದುಡು ರೋಗದ ನಿರ್ವಹಣೆ ಬಗ್ಗೆ ಕೇಳಿದರು' ಎಂಬ ಧಾಟಿಯ ಇಂಗ್ಲಿಷ್. ರೈತ ಹೇಳಿದ್ದನ್ನು ಕೇಳಿ, ಅರ್ಥ ಮಾಡಿಕೊಂಡು, ಅನುವಾದಿಸಿ, ತಮ್ಮ ಪಾಠದ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ಅವರ ತಪ್ಪೇನಿಲ್ಲ. ಮುಂದಿನ ಕರೆ ಕಾಯುತ್ತಿರುವಾಗ ಯಾರೇ ಆದರೂ ಹಾಗೆಯೇ ಬರೆಯುತ್ತಾರೆ. ಆದರೆ 'ಮುಟುರು' ಎಂಬ ಪದ ಆ ಸಾಲುಗಳಲ್ಲಿ ಉಳಿಯಲಿಲ್ಲ. ಯಂತ್ರಕ್ಕೆ ಮುಂದೊಂದು ದಿನ ಬೇಕಾಗಿದ್ದು ಅದೇ: ರೈತನ ಮಾತು, ಅದರ ಎದುರಿಗೆ ಪುಸ್ತಕದ ಹೆಸರು. ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಬಿಟ್ಟೆವು.

ಯಂತ್ರದ ಕಡೆಯ ಪ್ರಯತ್ನಗಳೂ ಅದೇ ಕಾಲದವು. ತಮಿಳುನಾಡಿನಲ್ಲಿ ಬರ್ಕ್ಲಿಯ ಮ್ಯಾಡಲೀನ್ ಪ್ಲೋಶೆ ಮತ್ತು ಅವರ ಜೊತೆಗಾರರು ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದೊಡನೆ ಸೇರಿ, ಓದು ಬರಹ ಬಾರದ ರೈತರು ಮಾತಿನಲ್ಲೇ ಕೇಳಿ ತಿಳಿಯುವ ಒಂದು ವ್ಯವಸ್ಥೆ ಮಾಡಿದ್ದರು. 2006ರಲ್ಲಿ ಅದರ ಬಗ್ಗೆ ಬರೆದರು. ಅದಕ್ಕೆ ಗೊತ್ತಿದ್ದದ್ದು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಪದಗಳು. ಅಷ್ಟಕ್ಕೇ ಒಂದು ಊರಿನ ಧ್ವನಿ ಕೇಳಿಸಿ ಕಲಿಸಿದ್ದು ಇನ್ನೊಂದು ಊರಿನಲ್ಲಿ ಎಡವುತ್ತದೆ ಎಂಬುದು ಅವರಿಗೆ ಆಗಲೇ ಕಂಡಿತ್ತು.

ಗುಜರಾತಿನದು ಇನ್ನೂ ಹೆಸರಾದ ಪ್ರಯೋಗ: 'ಅವಾಜ್ ಒಟಲೋ'. ಒಟಲೋ ಎಂದರೆ ನಮ್ಮ ಜಗಲಿಕಟ್ಟೆ. ಸ್ಟ್ಯಾನ್‌ಫರ್ಡಿನ ನೀಲ್ ಪಟೇಲ್, ಐಬಿಎಂ ಸಂಶೋಧಕರು ಮತ್ತು ಅಹಮದಾಬಾದಿನ ಡೆವಲಪ್‌ಮೆಂಟ್ ಸಪೋರ್ಟ್ ಸೆಂಟರ್ ಸೇರಿ ಕಟ್ಟಿದ್ದು. ಆಗ ಗುಜರಾತಿಗೆಂದೇ ಮಾಡಿದ ಧ್ವನಿ ಗುರುತಿಸುವ ತಂತ್ರಾಂಶ ಅವರ ಕೈಯಲ್ಲಿರಲಿಲ್ಲ. ಅಮೆರಿಕನ್ ಇಂಗ್ಲಿಷಿಗೆ ಮಾಡಿದ್ದನ್ನೇ ತಂದು, ಗುಜರಾತಿ ಪದಗಳನ್ನು ಇಂಗ್ಲಿಷಿನ ಧ್ವನಿಗಳಲ್ಲಿ ಬಿಡಿಸಿ ಬರೆದು ಕೆಲಸ ನಡೆಸಿದರು. 2009ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಬಾಯಲ್ಲಿ ಹೇಳುವುದಕ್ಕಿಂತ ಗುಂಡಿ ಒತ್ತುವುದೇ ಗೆದ್ದಿತು. ಮಾತಾಡುವ ಯಂತ್ರವೆಂದರೆ ಹಳ್ಳಿಯವರಿಗೆ ಸುಲಭ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇದು ತಣ್ಣೀರು ಎರಚಿದ ಹಾಗಾಯಿತು. ಮುಂದೆ ಆ ಜಗಲಿಯಲ್ಲಿ ಜನ ಹೆಚ್ಚು ಬಳಸಿದ್ದು ತಮ್ಮ ಪ್ರಶ್ನೆಯನ್ನು ದನಿಯಲ್ಲೇ ಬಿಟ್ಟು, ಮನುಷ್ಯರು ಕೊಟ್ಟ ಉತ್ತರವನ್ನು ಆಮೇಲೆ ಕೇಳುವ ಭಾಗವನ್ನು. ಯಂತ್ರ ಅಲ್ಲಿ ಬರೀ ಡಬ್ಬಿ. ಇಟ್ಟದ್ದನ್ನು ಇಟ್ಟ ಹಾಗೆ ಕೊಡುತ್ತಿತ್ತು. ನನ್ನನ್ನು ಕೇಳಿದರೆ ಆ ಡಬ್ಬಿ ಬಹಳ ಒಳ್ಳೆಯ ಡಬ್ಬಿ. ಅದರಲ್ಲಿ ರೈತನ ಮಾತು ರೈತನ ಮಾತಾಗಿಯೇ ಉಳಿದಿತ್ತು.

ಕನ್ನಡದಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದವರು ಫೋನಿನಲ್ಲೇ ಜಿಲ್ಲೆ ಮತ್ತು ಬೆಳೆಯ ಹೆಸರು ಹೇಳಿದರೆ ಮಾರುಕಟ್ಟೆ ಬೆಲೆ ತಿಳಿಸುವ ವ್ಯವಸ್ಥೆ ಮಾಡಿದರು. ಕರ್ನಾಟಕದ ರೈತರ ಧ್ವನಿಗಳನ್ನೇ ಸಂಗ್ರಹಿಸಿ ಅದಕ್ಕೆ ಕಲಿಸಿದರು. ಆದರೆ ಬೆಲೆ ಕೇಳುವುದು ಬೇರೆ, ರೋಗ ಹೇಳುವುದು ಬೇರೆ. ಬೆಲೆ ಕೇಳುವವನು ಪಟ್ಟಿಯಲ್ಲಿರುವ ಹೆಸರನ್ನೇ ಹೇಳುತ್ತಾನೆ. ರೋಗ ಹೇಳುವವನು ಕಥೆ ಹೇಳುತ್ತಾನೆ.

ಕಥೆ ಕೇಳಿಸಿಕೊಳ್ಳುವ ಯಂತ್ರಗಳು ಬಂದದ್ದು 2022ರಲ್ಲಿ. ಸೆಪ್ಟೆಂಬರಿನಲ್ಲಿ ವಿಸ್ಪರ್ ಎಂಬ, ಹಲವು ಭಾಷೆಗಳ ಮಾತನ್ನು ಅಕ್ಷರ ಮಾಡುವ ಮಾದರಿ, ನವೆಂಬರಿನಲ್ಲಿ ಚಾಟ್‌ಜಿಪಿಟಿ. ಒಂದು ಕೇಳಿಸಿಕೊಳ್ಳುತ್ತದೆ, ಇನ್ನೊಂದು ಉತ್ತರಿಸುತ್ತದೆ. ನಡುವೆ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕೈಪಿಡಿಯನ್ನಿಟ್ಟು, ಕೊನೆಗೆ ಉತ್ತರವನ್ನು ದನಿಯಾಗಿಸುವ ತಂತ್ರಾಂಶ ಸೇರಿಸಿದರೆ ಸಹಾಯವಾಣಿ ಸಿದ್ಧ ಎಂದು ಎಲ್ಲರಿಗೂ ಏಕಕಾಲಕ್ಕೆ ಹೊಳೆಯಿತು. ಇಲ್ಲಿನ ಒಂದು ಸಂಸ್ಥೆಯ ಅಂಥ ಪ್ರಯೋಗದಲ್ಲಿ ಕನ್ನಡದ ಕರೆಗಳನ್ನು ಪರೀಕ್ಷಿಸುವ ಕೆಲಸ ನನಗೆ ಬಂತು. ಸಂಸ್ಥೆಯ ಹೆಸರು ಬೇಡ. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಇರಲಿ, ಇಂಟರ್ನೆಟ್ ಸಿಗದ ಹೊಲದಿಂದಲೂ ಬರಲಿ ಎಂದು ಅದು ಬರೀ ಫೋನ್ ಕರೆಯ ಮೇಲೆ ನಿಂತಿತ್ತು. ರೈತ ಮಿಸ್ಡ್ ಕಾಲ್ ಕೊಡುತ್ತಾನೆ, ಯಂತ್ರ ತಿರುಗಿ ಕರೆಯುತ್ತದೆ. ಯೋಚನೆ ಸರಿಯಾದದ್ದೇ.

ಒಂದು ಕರೆ ಹೀಗಿತ್ತು:

'ಮೆಣಸಿನ ಗಿಡಕ್ಕ ಮುಟುರು ಬಂದೈತ್ರಿ. ಎರಡ ಸಲ ಎಣ್ಣಿ ಹೊಡದೇನ್ರಿ, ನುಸಿ ಹೋಗವಲ್ದು. ಏನ್ ಹೊಡೀಲಿ?'

ಯಂತ್ರ ಬರೆದುಕೊಂಡದ್ದು:

'ಮೆಣಸಿನ ಗಿಡಕ್ಕೆ ಮೂರು ಬಂದೈತ್ರಿ. ಎರಡು ಸಲ ಎಣ್ಣೆ ಹೊಡೆದೇನ್ರಿ, ನುಚ್ಚು ಹೋಗವಲ್ದು. ಏನ್ ಹೊಡೀಲಿ?'

ಬಂದ ಉತ್ತರ ಬಹಳ ಚೆಂದದ ಕನ್ನಡದಲ್ಲಿತ್ತು. ಎಣ್ಣೆಯ ಸಿಂಪಡಣೆ ಎರಡು ಬಾರಿ ಆಗಿರುವುದರಿಂದ ಮೂರನೆಯ ಬಾರಿ ಬೇವಿನ ಎಣ್ಣೆಯನ್ನು ಸಂಜೆ ಹೊತ್ತು ಸಿಂಪಡಿಸಿ ಎಂದಿತು. ರೈತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ರೀ...' ಎಂದು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿ, ಫೋನಿಟ್ಟ.

ಇಲ್ಲಿ ನಡೆದದ್ದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಮೊದಲು ಮುಟುರು ಹೇಗೆ ಮೂರಾಯಿತು ಎಂಬುದು.

ಮೊಬೈಲ್ ನಮ್ಮ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತದೆ. ಸೆಕೆಂಡಿಗೆ ಐವತ್ತು ತುಂಡು. ಸಿಗ್ನಲ್ ಚೆನ್ನಾಗಿದ್ದರೆ ಮಾತಿಗೆ ಸೆಕೆಂಡಿಗೆ 12.2 ಕಿಲೋಬಿಟ್ ಸಿಗುತ್ತದೆ. ಹೊಲದ ಬದುವಿನಲ್ಲಿ ಒಂದು ಕಡ್ಡಿ ಸಿಗ್ನಲ್ಲಿದ್ದಾಗ ಅದು 4.75ರವರೆಗೆ ಇಳಿಯಬಹುದು. ಆಗಲೂ ಕೆಲವು ತುಂಡುಗಳು ದಾರಿಯಲ್ಲಿ ಕಳೆದುಹೋಗುತ್ತವೆ. ಕಳೆದ ಜಾಗದಲ್ಲಿ ಮೌನ ಬಿಟ್ಟರೆ ಕಿವಿಗೆ ಟಕಟಕ ಎನ್ನುತ್ತದೆಂದು ಫೋನಿನ ವ್ಯವಸ್ಥೆ ಒಂದು ಉಪಾಯ ಮಾಡುತ್ತದೆ: ಹಿಂದಿನ ತುಂಡನ್ನೇ ಇನ್ನೊಮ್ಮೆ ನುಡಿಸಿ ತೂತು ಮುಚ್ಚುತ್ತದೆ. 'ಮುಟುರು' ಎನ್ನುವಾಗ 'ಟ' ಎಷ್ಟು ಹೊತ್ತಿನದು? ನಾಲಿಗೆ ಮಡಚಿ ತಡೆದು ಬಿಡುವಷ್ಟು, ಅಂದರೆ ಇಂಥ ಮೂರು ನಾಲ್ಕು ತುಂಡು. ಅವು ಹೋದವು. ಹಿಂದಿದ್ದದ್ದು 'ಮು'ವಿನ ಉಕಾರ. ಅದನ್ನೇ ಎಳೆದು ತೂತು ಮುಚ್ಚಲಾಯಿತು. ಉಳಿದದ್ದು ಮು-ಉ-ರು. ಕನ್ನಡದಲ್ಲಿ ಅದಕ್ಕೆ 'ಮೂರು' ಎಂದೇ ಅರ್ಥ. ಆ ಧ್ವನಿಯನ್ನು ನಾನು ಇಯರ್‌ಫೋನ್ ಹಾಕಿ ಕೇಳಿದಾಗ ನನಗೂ ಮೂರು ಎಂದೇ ಕೇಳಿಸಿತು. ಆದರೆ 'ಗಿಡಕ್ಕ ಮೂರು ಬಂದೈತ್ರಿ' ಎಂದು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ ಎಂಬುದು ನನಗೆ ಗೊತ್ತು.

'ನುಸಿ' ಹೋದದ್ದು ಇನ್ನೂ ಹಳೆಯ ಕಾರಣಕ್ಕೆ. ದೂರವಾಣಿ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ. ಸ್ವರಗಳಿಗೆ ಅಷ್ಟು ಸಾಕು. ಆದರೆ 'ಸ'ಕಾರದ ಸಿಳ್ಳೆಯ ಬಹುಪಾಲು 4000ದ ಮೇಲಿರುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ 'ಸ, ಸರಸ್ವತಿಯ ಸ' ಎಂದು ನಾವೆಲ್ಲ ಬಿಡಿಸಿ ಹೇಳುವುದು ಇದಕ್ಕೇ. ವಿಸ್ಪರಿನಂಥ ಮಾದರಿಗಳು ಸೆಕೆಂಡಿಗೆ 16,000 ಮಾದರಿಗಳ ಧ್ವನಿಯನ್ನು ಬಯಸುತ್ತವೆ. ಫೋನಿನಿಂದ ಬರುವುದು 8,000. ಎಂಟನ್ನು ಹದಿನಾರಾಗಿ ಹಿಗ್ಗಿಸಬಹುದು, ಬಾರದಿದ್ದ ಸಿಳ್ಳೆಯನ್ನು ತರಲಾಗುವುದಿಲ್ಲ. ಸಿಳ್ಳೆ ಇಲ್ಲದ 'ನುಸಿ'ಗೆ ಯಂತ್ರ ತಾನು ಹೆಚ್ಚು ಕಂಡ ಪದವನ್ನು ತುಂಬಿಕೊಂಡಿತು: ನುಚ್ಚು.

ಮೂರನೆಯದು ಕಿವಿಯ ದೋಷವೇ ಅಲ್ಲ. 'ಎಣ್ಣಿ' ಎಂಬುದನ್ನು ಯಂತ್ರ ಸರಿಯಾಗಿಯೇ ಕೇಳಿಸಿಕೊಂಡು 'ಎಣ್ಣೆ' ಎಂದು ತಿದ್ದಿ ಬರೆಯಿತು. ಉತ್ತರ ಕರ್ನಾಟಕದಲ್ಲಿ 'ಎಣ್ಣಿ ಹೊಡೆಯುವುದು' ಎಂದರೆ ಅಂಗಡಿಯಿಂದ ತಂದ ಕೀಟನಾಶಕ ಸಿಂಪಡಿಸುವುದು. ಉತ್ತರ ಕೊಡುವ ಮಾದರಿ ಅದನ್ನು ಬೇವಿನ ಎಣ್ಣೆಯ ದಾರಿಗೆ ಹಚ್ಚಿತು. ಇಲ್ಲಿ ಕಳೆದುಹೋದದ್ದೇ ಅತಿ ಮುಖ್ಯ ಸುದ್ದಿ. ಎರಡು ಸಲ ಕೀಟನಾಶಕ ಹೊಡೆದರೂ ಮುಟುರು ಹೋಗಿಲ್ಲ ಎಂದರೆ, ಅದು ಮೈಟ್ ಇರಬಹುದು, ಹೊಡೆದದ್ದೇ ಅದನ್ನು ಹೆಚ್ಚಿಸಿರಬಹುದು ಎಂದು ಅನುಭವಿಯೊಬ್ಬರು ತಕ್ಷಣ ಅನುಮಾನಿಸುತ್ತಿದ್ದರು. ಯಾವ ಎಣ್ಣಿ ಎಂದು ಕೇಳುತ್ತಿದ್ದರು.

ಹನ್ನೆರಡು ಪದಗಳಲ್ಲಿ ಎರಡು ತಪ್ಪು. ನಮ್ಮ ಕಸುಬಿನಲ್ಲಿ ಇದನ್ನು ಶೇಕಡಾ 17ರ ದೋಷ ಎಂದು ಬರೆಯುತ್ತಾರೆ. ಕೆಟ್ಟ ಸಿಗ್ನಲ್ಲಿಗೆ ಅದು ಪರವಾಗಿಲ್ಲ ಎನ್ನಿಸುವ ಅಂಕಿ. 'ಬಂದೈತ್ರಿ', 'ಏನ್' ಎಂಬ ಪದಗಳಲ್ಲಿ ತಪ್ಪಾಗಿದ್ದರೂ ಅಂಕಿ ಅದೇ ಬರುತ್ತಿತ್ತು, ಅರ್ಥ ಕೂದಲೆಳೆಯಷ್ಟೂ ಕೆಡುತ್ತಿರಲಿಲ್ಲ. ಹಾಗಾಗಿ ಆ ಪ್ರಯೋಗದಲ್ಲಿ ನಾವು ಬೆಳೆ, ರೋಗ, ಹುಳು, ಔಷಧ, ಅಳತೆ ಈ ಐದು ಬಗೆಯ ಪದಗಳನ್ನಷ್ಟೇ ಎಣಿಸತೊಡಗಿದೆವು. ಚಿತ್ರ ಪೂರ್ತಿ ಬದಲಾಯಿತು: ಮೇಲಿನ ಕರೆಯಲ್ಲಿ ಅಂಥ ಪದ ಇದ್ದದ್ದೇ ನಾಲ್ಕು, ಸರಿಯಾಗಿ ಅರ್ಥವಾದದ್ದು 'ಮೆಣಸಿನ' ಒಂದೇ.

ಹಿಂದಿನ ಯಂತ್ರಗಳಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. 2009ರ ಯಂತ್ರಕ್ಕೆ ತಿಳಿಯದಿದ್ದರೆ 'ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನುತ್ತಿತ್ತು. ರೇಗುತ್ತಿತ್ತು, ಆದರೆ ಮೋಸವಿರಲಿಲ್ಲ. ಈಗಿನದು ತಿಳಿಯದ್ದನ್ನೂ ತಿಳಿದಂತೆ ಮುಂದುವರಿಸುತ್ತದೆ. ವಿಸ್ಪರಿಗೆ ಬರೀ ಮೌನ ಕೇಳಿಸಿದರೂ ಕೆಲವೊಮ್ಮೆ ಯಾರೂ ಆಡದ ವಾಕ್ಯವನ್ನು ಬರೆದುಬಿಡುವ ಚಾಳಿ ಇದೆ. ಪಂಪ್‌ಸೆಟ್ಟಿನ ಸದ್ದಿನ ನಡುವೆ ರೈತ ಯೋಚಿಸುತ್ತ ನಿಂತರೆ ಅದು ಸುಮ್ಮನಿರುವುದಿಲ್ಲ.

ಇದಕ್ಕೆ ಮಾಡಿದ ಪರಿಹಾರಗಳಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ. ಮುಟುರು, ಮುರುಟು, ಮುದುಡು, ಮುರಡಾ ಇವನ್ನೆಲ್ಲ ಪಟ್ಟಿ ಮಾಡಿ, ಮೆಣಸಿನ ಮಾತು ಬಂದಾಗ ಆ ಪದಗಳ ಕಡೆಗೆ ಕಿವಿ ಸ್ವಲ್ಪ ಹೆಚ್ಚು ವಾಲುವಂತೆ ಮಾಡಿದೆವು. ಪಟ್ಟಿಯನ್ನು ಕಂಪ್ಯೂಟರಿನವರು ಮಾಡಲಿಲ್ಲ. ಬ್ಯಾಡಗಿಯ ಕಡೆಯ ಗೊಬ್ಬರದಂಗಡಿಯವರನ್ನೂ ಹಿರಿಯ ರೈತರನ್ನೂ ಕೇಳಿ ಬರೆದದ್ದು. ಎಲೆ ಮೇಲಕ್ಕೋ ಕೆಳಕ್ಕೋ, ಹಿಂದೆ ಏನು ಹೊಡೆದಿದ್ದೀರಿ, ಈ ಎರಡಕ್ಕೆ ಉತ್ತರ ಸಿಗದೆ ಯಾವ ಔಷಧದ ಹೆಸರನ್ನೂ ಹೇಳಬಾರದು ಎಂದು ಕಟ್ಟು ಹಾಕಿದೆವು. ಮೇಲೆ-ಕೆಳಗೆ ಎಂಬುದಕ್ಕೆ ಮಾತಿನ ಬದಲು ಗುಂಡಿ: ಮೇಲಕ್ಕಾದರೆ ಒಂದು, ಕೆಳಕ್ಕಾದರೆ ಎರಡು. ಗುಜರಾತಿನಲ್ಲಿ ಗೆದ್ದ ಗುಂಡಿ ಹೀಗೆ ಮರಳಿ ಬಂತು. ಗುಂಡಿಯ ಸದ್ದನ್ನು ಎಷ್ಟೇ ಕೆಟ್ಟ ಸಿಗ್ನಲ್ಲಾದರೂ ಬೇರೊಂದಾಗಿ ಕೇಳಿಸಿಕೊಳ್ಳುವುದು ಕಷ್ಟ.

ಅಳತೆಯ ವಿಷಯ ಬೇರೆಯದೇ. ಕೆಲವು ಔಷಧಗಳ ಪ್ರಮಾಣ ಲೀಟರಿಗೆ 0.3 ಮಿಲಿಲೀಟರ್. ದನಿಯ ತಂತ್ರಾಂಶ 'ಸೊನ್ನೆ ಬಿಂದು ಮೂರು' ಎಂದು ಓದುವಾಗ ಮೊದಲೆರಡು ಪದ ತೂತಿಗೆ ಬಿದ್ದರೆ ರೈತನಿಗೆ ಕೇಳಿಸುವುದು 'ಮೂರು', ಹತ್ತು ಪಟ್ಟು. ಆದ್ದರಿಂದ ಪ್ರಮಾಣವನ್ನು ಲೀಟರಿಗೆ ಹೇಳದೆ, ಅವರ ಬೆನ್ನಿನ ಟ್ಯಾಂಕಿಗೆ ಹೇಳಬೇಕು: ಹದಿನೈದು ಲೀಟರಿನ ಟ್ಯಾಂಕಿಗೆ ನಾಲ್ಕೂವರೆ ಮಿಲಿಲೀಟರ್. ಎರಡು ಸಲ ಹೇಳಿ, ಎಸ್ಸೆಮ್ಮೆಸ್ಸನ್ನೂ ಕಳಿಸಬೇಕು. ಎಸ್ಸೆಮ್ಮೆಸ್ ತಡವಾಗಬಹುದು, ತೂತು ಬೀಳುವುದಿಲ್ಲ. ವಾಟ್ಸಾಪಿನ ಧ್ವನಿ ಸಂದೇಶಕ್ಕೂ ಇದೇ ಗುಣ. ನಿಧಾನವಾಗಿ, ಆದರೆ ಇಡಿಯಾಗಿ ತಲುಪುತ್ತದೆ. ಕರೆ ಮಾತ್ರ ಈಗಲೇ ಬರುತ್ತದೆ, ಹರಿದು ಬರುತ್ತದೆ.

ಇಷ್ಟಾದರೂ ಸಾಲದ ಒಂದು ಜಾಗವಿದೆ. 2021-22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಹೊಸದೊಂದು ಥ್ರಿಪ್ಸ್ ದಾಳಿಯಿಟ್ಟಿತು. ವಿಜ್ಞಾನಿಗಳು ಅದನ್ನು ಥ್ರಿಪ್ಸ್ ಪಾರ್ವಿಸ್ಪೈನಸ್ ಎಂದು ಗುರುತಿಸಿದರು, ಪತ್ರಿಕೆಗಳು ಕಪ್ಪು ಥ್ರಿಪ್ಸ್ ಎಂದವು. ಹಳೆಯದು ಎಲೆಗೆ ಹತ್ತುತ್ತಿತ್ತು, ಇದು ಹೂವಿನೊಳಗೆ ಗುಂಪುಗುಂಪಾಗಿ ಕೂತು ಕಾಯಿ ಕಚ್ಚದಂತೆ ಮಾಡುತ್ತಿತ್ತು. ಅದಕ್ಕೂ ಮೊದಲು ಅಚ್ಚಾದ ಮೆಣಸಿನ ಕೈಪಿಡಿಗಳಲ್ಲಿ ಇದು ಇದ್ದಿರುವ ಸಾಧ್ಯತೆ ಕಡಿಮೆ. ಕೈಪಿಡಿ ನೋಡಿ ಉತ್ತರಿಸುವ ಯಂತ್ರ ಆಗ ಇದ್ದಿದ್ದರೆ ಹಳೆಯ ಥ್ರಿಪ್ಸಿನ ಔಷಧವನ್ನೇ ಹೇಳುತ್ತಿತ್ತು. 'ಹೂವಿನಾಗ ಕರೀ ನುಸಿ' ಎಂದು ರೈತ ಹೇಳಿದ್ದನ್ನು `QueryText` ಕಾಲಂಗೆ ಇಳಿಸುವವರು ಬರೀ 'ಥ್ರಿಪ್ಸ್' ಎಂದು ಬರೆದರೆ, 'ಹೂವಿನಾಗ' ಎಂಬ ಪದವೂ 'ಕರೀ' ಎಂಬ ಪದವೂ ಮುಟುರುವಿನ ಜೊತೆಗೇ ಹೋದ ಹಾಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೆಸ್ಪಿನ್ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದ್ದಾರೆ. ಅದು ಬಹಳ ಬೇಕಾಗಿದ್ದ ಕೆಲಸ. ಆದರೆ ಹೊಸ ಹುಳುವಿಗೆ ಊರಿನವರು ಇಡುವ ಹೆಸರು ಯಾವ ಸಂಗ್ರಹದಲ್ಲೂ ಮೊದಲೇ ಸಿಗುವುದಿಲ್ಲ. ಅದು ಮೊದಲು ಬರುವುದು ಯಾರೋ ಒಬ್ಬ ರೈತನ ಫೋನಿನಲ್ಲಿ, ಹರಕು ಸಿಗ್ನಲ್ಲಿನಲ್ಲಿ. ಅದಕ್ಕೆ ನಮ್ಮ ಪ್ರಯೋಗದ ದಾಖಲೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಸಿದೆ: 'ಹೇಳಿದ್ದು ಹೇಳಿದ ಹಾಗೆ'. ಯಂತ್ರಕ್ಕೆ ಅನುಮಾನವಿದ್ದ ಕರೆಗಳನ್ನು, ರೈತ 'ಅಲ್ರೀ' ಎಂದ ಕರೆಗಳನ್ನು, ಉತ್ತರ ಶುರುವಾಗುತ್ತಲೇ ಕಟ್ ಮಾಡಿದ ಕರೆಗಳನ್ನು ಧಾರವಾಡದ ಕಡೆಯ ಇಬ್ಬರು ಹುಡುಗಿಯರು ಕೂತು ಕೇಳಿ, ತಿದ್ದದೆ ಬರೆಯುತ್ತಾರೆ. ದಿನಕ್ಕೆ ಒಬ್ಬರಿಗೆ ನಲವತ್ತು ಕರೆ ಮೀರಿದರೆ ಕಿವಿ ಸೋಲುತ್ತದೆ ಎಂದು ಅವರೇ ಹೇಳಿದರು. ಹಾಗಾಗಿ ನಲವತ್ತಕ್ಕೇ ನಿಲ್ಲಿಸಿದ್ದೇವೆ.